ಜೋಳದ ಎಲೆಗೆ ನೀರು ಹತ್ತುವ ಬಗೆ

ಗಿಡದ ಕಾಂಡದಲ್ಲಿ ಬಹಳ ಸಣ್ಣ ನಳಿಕೆಗಳಿವೆ, ಅವುಗಳಲ್ಲಿ ನೀರು ಲೋಮನಾಳ ಕ್ರಿಯೆಯಿಂದ ತಾನಾಗಿಯೇ ಏರುತ್ತದೆ ಎಂದು ಶಾಲೆಯಲ್ಲಿ ಓದಿದವರು ಬಹಳ ಮಂದಿ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ವಿಜಯಪುರದ ಎರೆ ಹೊಲದಲ್ಲಿ ಆಳೆತ್ತರ ನಿಂತ ಹಿಂಗಾರಿ ಜೋಳದ ಒಂದು ದಂಟನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ನಳಿಕೆಗಳ ಸಣ್ಣತನದ ಬಲದಿಂದ ನೀರು ಮೊಣಕಾಲಿಗಿಂತ ಒಂಚೂರು ಮೇಲೆ ಬಂದು ನಿಂತುಬಿಡುತ್ತದೆ. ತೆನೆ ಇರುವುದು ಅದರ ಮೂರು ಪಟ್ಟು ಎತ್ತರದಲ್ಲಿ. ಉಳಿದ ದೂರವನ್ನು ನೀರು ಹೇಗೆ ಹತ್ತಿತು? ಅಕ್ಟೋಬರ್ ಮುಗಿದ ಮೇಲೆ ಹೆಚ್ಚುಕಡಿಮೆ ಮಳೆಯನ್ನೇ ಕಾಣದ ಆ ಹೊಲದಲ್ಲಿ ಅಷ್ಟು ನೀರು ಮೊದಲಿಗೆ ಉಳಿದದ್ದಾದರೂ ಹೇಗೆ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಅದು ಸಣ್ಣ ಸಂದಿನಲ್ಲಿ ಸಿಕ್ಕಿಕೊಂಡ ನೀರಿನ ಬಾಗಿದ ಮೇಲ್ಮೈಯಲ್ಲಿ.

ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಎಳೆಯುತ್ತಿರುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ಅಂಥ ಜೊತೆಯಿಲ್ಲ. ಹೀಗಾಗಿ ನೀರಿನ ಮೇಲ್ಮೈ ಯಾವಾಗಲೂ ತನ್ನ ಹರವನ್ನು ಕಡಿಮೆ ಮಾಡಿಕೊಳ್ಳಲು ನೋಡುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುತ್ತಾರೆ. ಇದರ ಬಲ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ನೀರಿನ ಮೇಲೆ ಒಂದು ಮೀಟರ್ ಉದ್ದದ ಗೆರೆ ಎಳೆದಿದ್ದೇವೆ ಎಂದುಕೊಂಡರೆ, ಆ ಇಡೀ ಗೆರೆಯ ಆಚೀಚೆ ಮೇಲ್ಮೈ ಎಳೆಯುವ ಬಲ ಸುಮಾರು ಏಳು ಗ್ರಾಂ ತೂಕದಷ್ಟು. ಕೆರೆಯಲ್ಲಿ, ಕೊಡದಲ್ಲಿ ಈ ಬಲ ಲೆಕ್ಕಕ್ಕೇ ಬರುವುದಿಲ್ಲ. ಸಂದು ಸಣ್ಣದಾಗುತ್ತ ಹೋದಂತೆ ಮಾತ್ರ ಅದು ಉಳಿದೆಲ್ಲ ಬಲಗಳನ್ನೂ ಮೀರಿಸುತ್ತದೆ.

ಒಂದು ಸಣ್ಣ ಗಾಜಿನ ನಳಿಕೆಯನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿದರೆ ಕಾರಣ ತಿಳಿಯುತ್ತದೆ. ನೀರಿಗೆ ಗಾಜಿನ ಮೇಲೆ ಒಲವು ಹೆಚ್ಚು, ಆದ್ದರಿಂದ ಅಂಚಿನಲ್ಲಿ ಗೋಡೆಯನ್ನು ಹಿಡಿದು ಮೇಲಕ್ಕೆ ಹರಡಿಕೊಳ್ಳುತ್ತದೆ. ಅಂಚು ಏರಿದಾಗ ನಡುಭಾಗ ತಗ್ಗಾಗಿ ಮೇಲ್ಮೈ ಬಟ್ಟಲಿನಂತೆ ಬಾಗುತ್ತದೆ. ಬಾಗಿದ ಮೇಲ್ಮೈ ಸಪಾಟಾಗಲು ಸೆಣಸುತ್ತದೆ, ಹಾಗೆ ಸೆಣಸುವಾಗ ತನ್ನ ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಎಳೆಯುವ ಬಲ ಹುಟ್ಟುವುದು ನೀರು ಗೋಡೆಯನ್ನು ಮುಟ್ಟುವ ಅಂಚಿನ ಸುತ್ತಳತೆಯಿಂದ. ಎತ್ತಬೇಕಾದ ಭಾರವಾದರೋ ನಳಿಕೆಯ ಒಳಗಿನ ಇಡೀ ಕಂಬದ್ದು. ನಳಿಕೆಯ ಅಗಲವನ್ನು ಅರ್ಧ ಮಾಡಿದರೆ ಸುತ್ತಳತೆ ಅರ್ಧವಾಗುತ್ತದೆ, ಆದರೆ ಅಷ್ಟೇ ಎತ್ತರದ ಕಂಬದ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನೀರು ಎರಡು ಪಟ್ಟು ಎತ್ತರಕ್ಕೆ ಹೋಗಬಲ್ಲದು. ಈ ನಿಯಮವನ್ನು 1718ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ ಪ್ರಯೋಗ ಮಾಡಿ ತೋರಿಸಿದ.

ನಮ್ಮ ಕೆಲಸಕ್ಕೆ ಅದನ್ನು ಸುಲಭ ಲೆಕ್ಕವಾಗಿ ಇಟ್ಟುಕೊಳ್ಳೋಣ: 30ನ್ನು ನಳಿಕೆಯ ವ್ಯಾಸದಿಂದ ಭಾಗಿಸಿದರೆ ನೀರು ಏರುವ ಎತ್ತರ ಸಿಗುತ್ತದೆ, ಎರಡೂ ಮಿಲಿಮೀಟರಿನಲ್ಲಿ. ಒಂದು ಮಿ.ಮೀ. ವ್ಯಾಸದ ನಳಿಕೆಯಲ್ಲಿ ನೀರು 30 ಮಿ.ಮೀ., ಎಂದರೆ ಮೂರು ಸೆಂಟಿಮೀಟರ್ ಏರುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ವ್ಯಾಸವಿದ್ದರೆ ಮೂರು ಮೀಟರ್. ಈ ಒಂದೇ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಣ್ಣಿನಿಂದ ಎಲೆಯ ತುದಿಯವರೆಗೂ ಹೋಗಿ ಬರಬಹುದು.

ಮೊದಲು ಮಣ್ಣು. ಮಣ್ಣಿನಲ್ಲಿ ನೆಟ್ಟಗಿನ ನಳಿಕೆಗಳಿಲ್ಲ. ಕಣಗಳ ನಡುವೆ ವಕ್ರವಾಗಿ ಒಂದಕ್ಕೊಂದು ಸೇರಿಕೊಂಡ ಸಂದುಗಳಿವೆ, ಕೆಲವು ದೊಡ್ಡವು, ಕೆಲವು ಕಣ್ಣಿಗೆ ಕಾಣದಷ್ಟು ಸಣ್ಣವು. ಜೋರು ಮಳೆ ಬಂದಾಗ ಎಲ್ಲವೂ ತುಂಬುತ್ತವೆ. ಎರಡು ಮೂರು ದಿನಗಳಲ್ಲಿ ದೊಡ್ಡ ಸಂದುಗಳ ನೀರು ಕೆಳಗೆ ಬಸಿದು ಹೋಗುತ್ತದೆ, ಏಕೆಂದರೆ ಅಲ್ಲಿನ ಮೇಲ್ಮೈ ಹೆಚ್ಚು ಬಾಗಿಲ್ಲ, ಭೂಮಿಯ ಸೆಳೆತವನ್ನು ತಡೆಯಲಾರದು. ಸುಮಾರು 0.01 ಮಿ.ಮೀ.ಗಿಂತ ಸಣ್ಣ ಸಂದುಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ರೈತರು ಹೊಲ ಹದಕ್ಕೆ ಬಂತು ಎನ್ನುವುದು ಹೆಚ್ಚುಕಡಿಮೆ ಈ ಹಂತದಲ್ಲಿಯೇ.

ಮರಳು ಹೆಚ್ಚಿರುವ ಮಸಾರಿ ಮಣ್ಣಿನಲ್ಲಿ ದೊಡ್ಡ ಸಂದುಗಳೇ ಬಹಳ, ಆದ್ದರಿಂದ ಹೆಚ್ಚಿನ ನೀರು ಬಸಿದು ಹೋಗುತ್ತದೆ. ಎರೆಮಣ್ಣಿನ ಕಣಗಳು ಅತಿ ಸಣ್ಣವು, ಸಂದುಗಳೂ ಹಾಗೆಯೇ. ಒಂದು ಮೀಟರ್ ಆಳದ ಒಳ್ಳೆಯ ಎರೆಭೂಮಿ, ಗಿಡಕ್ಕೆ ಎಟಕುವಂಥ ನೀರನ್ನು ಸುಮಾರು 150ರಿಂದ 200 ಮಿ.ಮೀ. ಮಳೆಯಷ್ಟು ಹಿಡಿದಿಟ್ಟುಕೊಳ್ಳಬಲ್ಲದು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಮಾಲದಂಡಿ ಜೋಳ ಜನವರಿ-ಫೆಬ್ರುವರಿಯವರೆಗೆ ಬದುಕುವುದು ಬಹುತೇಕ ಈ ಸಂಗ್ರಹದ ಮೇಲೆ. ಅಷ್ಟು ನೀರನ್ನು ಆ ಹೊಲದಲ್ಲಿ ಕಾಯ್ದಿರುವ ಕಾವಲುಗಾರ ಮೇಲ್ಮೈ ಎಳೆತವೊಂದೇ.

ಕಾವಲು ಬಿಗಿಯಾದಷ್ಟೂ ಗಿಡಕ್ಕೆ ಕಷ್ಟ. ಬೇರು ಮೊದಲು ಕುಡಿಯುವುದು ದೊಡ್ಡ ಸಂದುಗಳ ನೀರನ್ನು, ಅದು ಸಡಿಲವಾಗಿ ನಿಂತಿರುತ್ತದೆ. ಅದು ಮುಗಿದ ಮೇಲೆ ಅದಕ್ಕಿಂತ ಸಣ್ಣ, ಆಮೇಲೆ ಇನ್ನೂ ಸಣ್ಣ ಸಂದುಗಳಿಗೆ ಇಳಿಯಬೇಕು. ಪ್ರತಿ ಹೆಜ್ಜೆಗೂ ಮೇಲ್ಮೈ ಹೆಚ್ಚು ಬಾಗಿರುತ್ತದೆ, ಕೀಳಲು ಹೆಚ್ಚು ಎಳೆಯಬೇಕಾಗುತ್ತದೆ. 0.0002 ಮಿ.ಮೀ. ವ್ಯಾಸದ ಸಂದುಗಳಿಗೆ ಬಂದಾಗ ಹೆಚ್ಚಿನ ಬೆಳೆಗಳು ಸೋಲುತ್ತವೆ. ನಮ್ಮ ಲೆಕ್ಕದ ಪ್ರಕಾರ ಆ ಸಂದಿನ ಹಿಡಿತ 150 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ವಾತಾವರಣದ ಒತ್ತಡ ಸುಮಾರು ಹತ್ತು ಮೀಟರ್ ನೀರಿಗೆ ಸಮ ಎಂದು ಹಿಡಿದರೆ ಇದು ಹದಿನೈದು ವಾಯುಭಾರವಾಯಿತು. ಅಮೆರಿಕದ ಲೈಮನ್ ಬ್ರಿಗ್ಸ್ ಮತ್ತು ಶಾಂಟ್ಜ್ 1912ರಲ್ಲಿ ಹಲವು ಬಗೆಯ ಗಿಡಗಳನ್ನು ಕುಂಡಗಳಲ್ಲಿ ಒಣಗಿಸಿ ನೋಡಿದಾಗ, ಗಿಡ ಬಾಡಿ ಮತ್ತೆ ಚೇತರಿಸಿಕೊಳ್ಳಲಾರದ ಹಂತದಲ್ಲಿ ಮಣ್ಣಿನಲ್ಲಿ ಎಷ್ಟು ನೀರು ಉಳಿದಿರುತ್ತದೆ ಎಂಬುದು ಗಿಡದ ಜಾತಿಗಿಂತ ಮಣ್ಣಿನ ಜಾತಿಯ ಮೇಲೆ ನಿಂತಿದೆ ಎಂದು ಕಂಡುಬಂತು. ಎರೆಮಣ್ಣಿನ ಹೆಂಟೆ ಕೈಗೆ ತಂಪಾಗಿ ತಾಗುತ್ತಿದ್ದರೂ ಅದರಲ್ಲಿ ಗಿಡ ಸಾಯಬಹುದು. ಮರಳು ಮಣ್ಣು ಅಷ್ಟೇ ನೀರಿನಲ್ಲಿ ಗಿಡವನ್ನು ಆರಾಮಾಗಿ ಸಾಕುತ್ತಿರುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಸಂದು ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ ಎಂದಾಗ, ಎರೆಭೂಮಿಯ ಆಳದ ನೀರೆಲ್ಲ ತಾನಾಗಿ ಬೇರಿನ ಬಳಿಗೆ ಬರುತ್ತದೆ ಎಂದು ಅನ್ನಿಸಬಹುದು. ಹಾಗಾಗುವುದಿಲ್ಲ. ಎಳೆತ ಹೆಚ್ಚಾದರೂ ಸಣ್ಣ ಸಂದಿನಲ್ಲಿ ಘರ್ಷಣೆ ಅದಕ್ಕಿಂತ ಬೇಗ ಹೆಚ್ಚುತ್ತದೆ, ಆದ್ದರಿಂದ ನೀರು ಏರಬಲ್ಲದಾದರೂ ಬಹಳ ನಿಧಾನವಾಗಿ ಏರುತ್ತದೆ. ಮಣ್ಣು ಒಣಗುತ್ತ ಬಂದಂತೆ ಇನ್ನೊಂದು ತೊಡಕು. ದೊಡ್ಡ ಸಂದುಗಳು ಬರಿದಾಗಿ ಗಾಳಿ ತುಂಬಿಕೊಂಡರೆ ನೀರಿಗೆ ಉಳಿಯುವ ದಾರಿ ಕಣಗಳನ್ನು ಸುತ್ತಿದ ತೆಳುಪೊರೆ ಮಾತ್ರ. ಹದವಾದ ಮಣ್ಣಿನಲ್ಲಿ ಹರಿಯುವ ವೇಗದ ಸಾವಿರದ ಒಂದು ಪಾಲೂ ಆಗ ಉಳಿಯದೆ ಹೋಗಬಹುದು. ಹೀಗಾಗಿ ಒಣಗುತ್ತಿರುವ ಹೊಲದಲ್ಲಿ ನೀರು ಬೇರಿನ ಕಡೆಗೆ ಸರಿಯುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್. ಉಳಿದ ದೂರವನ್ನು ಬೇರೇ ನಡೆಯಬೇಕು. ಹಿಂಗಾರಿ ಜೋಳದ ಬೇರು ಒಂದು ಮೀಟರಿಗೂ ಕೆಳಗೆ ಇಳಿಯುವುದು ಇದಕ್ಕಾಗಿಯೇ.

ಬೇರಿನ ಬಾಯಿಗೆ ಬರಬೇಕಾದ ನೀರಿಗೆ ಇನ್ನೊಂದು ಪೈಪೋಟಿಯಿದೆ, ಅದು ಬಿಸಿಲು. ನೆಲದ ಮೇಲ್ಪದರ ಹಸಿಯಾಗಿರುವಷ್ಟು ದಿನ ಆವಿಯಾಗಿ ಹೋದ ನೀರಿನ ಜಾಗಕ್ಕೆ ಕೆಳಗಿನ ನೀರು ಸಂದುಗಳ ಮೂಲಕ ಏರಿಬರುತ್ತಲೇ ಇರುತ್ತದೆ. ಮೇಲಿನ ಒಂದೆರಡು ಅಂಗುಲ ಒಣಗಿ ಸಂದುಗಳ ಸಂಪರ್ಕ ಕಡಿದುಹೋದ ಮೇಲೆ ನೀರು ದ್ರವವಾಗಿ ಮೇಲೆ ಬರಲಾರದು. ಆವಿಯಾಗಿಯೇ ಆ ಒಣಪದರವನ್ನು ದಾಟಬೇಕು, ಅದು ತೀರ ನಿಧಾನ. ಮಣ್ಣಿನ ಭೌತಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಅಚ್ಚರಿಯ ಸಂಗತಿ ಇತ್ತು. ಬಿಸಿ ಒಣಗಾಳಿಗೆ ಒಡ್ಡಿದ ಮಣ್ಣಿನ ಕಂಬ ಮೊದಮೊದಲು ಬೇಗ ನೀರು ಕಳೆದುಕೊಂಡಿತು, ಆದರೆ ಬೇಗನೆ ಒಣಪದರ ಕಟ್ಟಿಕೊಂಡು ಕೊನೆಗೆ ತಂಪುಗಾಳಿಗೆ ಒಡ್ಡಿದ ಕಂಬಕ್ಕಿಂತ ಕಡಿಮೆ ನೀರನ್ನು ಬಿಟ್ಟುಕೊಟ್ಟಿತು. ಒಣಗಿದ ಮೇಲ್ಮೈ ತಾನೇ ಹೊದಿಕೆಯಾಗಿತ್ತು.

ನಮ್ಮ ರೈತರು ಎಡೆ ಹೊಡೆಯುವುದರಲ್ಲಿ ಇದೇ ತಿಳಿವಳಿಕೆ ಕೆಲಸ ಮಾಡುತ್ತದೆ. ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿ ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಸಡಿಲ ಮಾಡಿದರೆ ಸಣ್ಣ ಸಂದುಗಳು ಮುರಿದು ದೊಡ್ಡವಾಗುತ್ತವೆ, ಕೆಳಗಿನಿಂದ ನೀರು ಏರುವ ದಾರಿ ಕಡಿಯುತ್ತದೆ. ಆದರೆ ಇದರ ಲಾಭವನ್ನು ಪೂರ್ತಿಯಾಗಿ ಲೋಮನಾಳದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಮರಳು ನೆಲವಾದರೆ ಬಿಸಿಲಿಗೆ ಆ ಪದರ ತಾನಾಗಿಯೇ ಕಟ್ಟಿಕೊಳ್ಳುತ್ತದೆ, ಅಲ್ಲಿ ಎಡೆಯ ದೊಡ್ಡ ಉಪಯೋಗ ಕಳೆ ಕೀಳುವುದು. ಎರೆಭೂಮಿಯ ಕಥೆ ಬೇರೆ. ಅದು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಆ ಬಿರುಕು ಕೈ ತೂರುವಷ್ಟು ಅಗಲ, ಅರ್ಧ ಮೀಟರಿಗೂ ಮಿಕ್ಕಿದ ಆಳ ಆಗಬಹುದು. ಬಿರುಕಿನ ಗೋಡೆಗಳೆಲ್ಲ ಗಾಳಿಗೆ ತೆರೆದುಕೊಂಡು ಆಳದ ಹಸಿ ಅಲ್ಲಿಂದಲೇ ಆರುತ್ತದೆ, ಎಳೆಯ ಬೇರುಗಳೂ ಹರಿಯುತ್ತವೆ. ಜೋಳಕ್ಕೆ ಮೂರು ಸಲ ಎಡೆ ಹೊಡೆಯುವಾಗ ಮೊದಲನೆಯದರ ಗುರಿ ಹೆಚ್ಚಾಗಿ ಕಳೆ, ಕೊನೆಯವುಗಳ ಗುರಿ ಬಾಯಿಬಿಡುತ್ತಿರುವ ಬಿರುಕನ್ನು ಪುಡಿಮಣ್ಣಿನಿಂದ ಮುಚ್ಚುವುದು. ಕುಂಟೆ ಹಾಯಿಸುವ ಕಾಲವೂ ಮುಖ್ಯ. ಬಿರುಕು ಆಳಕ್ಕೆ ಇಳಿದ ಮೇಲೆ ಮೇಲೆ ಮೇಲೆ ಕೆರೆದರೆ ಉಪಯೋಗ ಕಡಿಮೆ.

ಇದೇ ಏರುವ ನೀರು ಇನ್ನೊಂದು ಕಡೆ ಹೊಲವನ್ನೇ ಹಾಳುಮಾಡುತ್ತದೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು 1950ರ ದಶಕದಲ್ಲಿ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಎರೆಭೂಮಿಗೆ ನೀರು ಸಿಕ್ಕಿತು. ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ನೆಲದಲ್ಲಿ ಭತ್ತ ಹರಡಿತು. ಬಸಿದ ನೀರು ಆಳದಲ್ಲಿ ಸೇರಿ ಅಂತರ್ಜಲ ಮೇಲೆ ಬಂತು. ನೆಲದಿಂದ ಒಂದೂವರೆ-ಎರಡು ಮೀಟರಿನೊಳಗೆ ನೀರು ನಿಂತುಬಿಟ್ಟರೆ ಲೋಮನಾಳ ಕ್ರಿಯೆಗೆ ಮೇಲ್ಮೈ ಎಟಕುತ್ತದೆ. ಅಂತರ್ಜಲ ಬತ್ತುವುದಿಲ್ಲ, ಆದ್ದರಿಂದ ಏರುವುದೂ ನಿಲ್ಲುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ನೆಲದ ಮೇಲೆ ಉಳಿಯುತ್ತದೆ.

ಎಷ್ಟು ಉಪ್ಪು ಎಂದು ಒಂದು ಲೆಕ್ಕ ನೋಡಬಹುದು. ಬೇಸಿಗೆಯಲ್ಲಿ ಬೀಳುಬಿಟ್ಟ ಒಂದು ಎಕರೆಯಲ್ಲಿ ದಿನಕ್ಕೆ ಎರಡು ಮಿ.ಮೀ. ನೀರು ಹೀಗೆ ಏರಿ ಆರುತ್ತಿದೆ, ಆ ಅಂತರ್ಜಲದ ಲೀಟರಿಗೆ ಮೂರು ಗ್ರಾಂ ಉಪ್ಪಿದೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಎರಡು ಮಿ.ಮೀ. ಎಂದರೆ ಸುಮಾರು ಎಂಟು ಸಾವಿರ ಲೀಟರ್ ನೀರು. ದಿನಕ್ಕೆ 24 ಕಿಲೋ ಉಪ್ಪು ಮೇಲೆ ಬಂತು. ನೂರು ದಿನಕ್ಕೆ ಎರಡು ಟನ್ನಿಗೂ ಹೆಚ್ಚು. ಸವಳು ಎಂದು ಜನ ಕರೆಯುವ ಬಿಳಿಯ ಪೊರೆ ಇದು. ಮೊದಲು ಕಾಣುವುದು ಬೋದುಗಳ ನೆತ್ತಿಯಲ್ಲಿ. ಸಾಲಿನಲ್ಲಿ ಹಾಯಿಸಿದ ನೀರು ಎರಡೂ ಕಡೆಯಿಂದ ಬೋದಿನೊಳಗೆ ಏರಿ ನೆತ್ತಿಯಲ್ಲಿ ಆರುವುದರಿಂದ ಉಪ್ಪು ಅಲ್ಲೇ ಕೂಡುತ್ತದೆ. ಅಂಥ ನೆಲದಲ್ಲಿ ಬೀಜವನ್ನು ನೆತ್ತಿಯಲ್ಲಿ ಊರದೆ ಬೋದಿನ ಪಕ್ಕದಲ್ಲಿ ಊರಿದರೆ ಮೊಳಕೆ ಉಳಿಯುವುದು ಹೆಚ್ಚು. ಇದು ತಾತ್ಕಾಲಿಕ ಪರಿಹಾರ ಮಾತ್ರ. ಮೇಲಿನ ಉಪ್ಪನ್ನು ನೀರು ಕಟ್ಟಿ ತೊಳೆದರೂ, ಅಂತರ್ಜಲ ಅಲ್ಲೇ ಇದ್ದರೆ ಮುಂದಿನ ಬೇಸಿಗೆಗೆ ಅದು ಮತ್ತೆ ಏರುತ್ತದೆ. ಆಳದಲ್ಲಿ ತೂತಿನ ಕೊಳವೆಗಳನ್ನು ಹೂತು, ಬಸಿಗಾಲುವೆಗೆ ನೀರನ್ನು ಹರಿಯಬಿಟ್ಟು, ಅಂತರ್ಜಲವನ್ನು ಲೋಮನಾಳದ ಎಟುಕಿನಿಂದ ಕೆಳಗೆ ಇಳಿಸುವುದೇ ಉಳಿಯುವ ಪರಿಹಾರ. ನನ್ನ ದೃಷ್ಟಿಯಲ್ಲಿ ನೀರಾವರಿಯ ಚರ್ಚೆಗಳಲ್ಲಿ ನೀರು ತರುವ ಕಾಲುವೆಗೆ ಸಿಕ್ಕಷ್ಟು ಗಮನ ನೀರು ಒಯ್ಯುವ ಕಾಲುವೆಗೆ ಎಂದೂ ಸಿಕ್ಕಿಲ್ಲ.

ಈಗ ಜೋಳದ ದಂಟಿಗೆ ಬರೋಣ. ಬೇರಿನೊಳಗೆ ಬಂದ ನೀರು ಕ್ಸೈಲಂ ಎಂಬ ನಳಿಕೆಗಳ ಜಾಲವನ್ನು ಸೇರುತ್ತದೆ. ಈ ನಳಿಕೆಗಳು ಸತ್ತ ಕೋಶಗಳು. ಒಳಗಿನ ಜೀವದ್ರವ್ಯ ಹೋಗಿ, ಗಟ್ಟಿಯಾದ ಗೋಡೆ ಮಾತ್ರ ಉಳಿದು, ಒಂದರ ಮೇಲೊಂದು ಸೇರಿ ಕೊಳವೆಯಾದವು. ಒಂದು ನಳಿಕೆಯ ವ್ಯಾಸ 0.05 ಮಿ.ಮೀ. ಎಂದಿಟ್ಟುಕೊಳ್ಳೋಣ, ಇದಕ್ಕಿಂತ ಸಣ್ಣವೂ ದೊಡ್ಡವೂ ಇರುತ್ತವೆ. ಮೂವತ್ತನ್ನು ಭಾಗಿಸಿದರೆ 600 ಮಿ.ಮೀ. ಬರುತ್ತದೆ, ಎಂದರೆ ಅರವತ್ತು ಸೆಂಟಿಮೀಟರ್. ಆರಂಭದಲ್ಲಿ ಹೇಳಿದ ಮೊಣಕಾಲಿನ ಲೆಕ್ಕ ಇದು. ಇದಲ್ಲದೆ, ಬದುಕಿರುವ ಗಿಡದ ನಳಿಕೆಯಲ್ಲಿ ನೀರು ತಳದಿಂದ ತುದಿಯವರೆಗೆ ತುಂಬಿಯೇ ಇರುತ್ತದೆ. ನಡುವೆ ಎಲ್ಲೂ ಗಾಳಿಗೆ ತೆರೆದ ಮೇಲ್ಮೈ ಇಲ್ಲ. ಮೇಲ್ಮೈಯೇ ಇಲ್ಲದ ಕಡೆ ಬಾಗು ಎಲ್ಲಿಂದ ಬರಬೇಕು? ಎಳೆಯುವ ಬಲ ಕಾಂಡದ ನಳಿಕೆಯಲ್ಲಿ ಹುಟ್ಟಲಾರದು ಎಂಬುದಕ್ಕೆ ಇದೇ ಗಟ್ಟಿ ಕಾರಣ.

ಹಾಗಾದರೆ ಕಾಂಡದ ಜೀವಕೋಶಗಳು ನೀರನ್ನು ಪಂಪು ಮಾಡುತ್ತಿವೆಯೇ ಎಂಬ ಅನುಮಾನ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ಬಂತು. ಜರ್ಮನಿಯಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1890ರ ದಶಕದ ಆರಂಭದಲ್ಲಿ ಇಪ್ಪತ್ತು ಮೀಟರಿನಷ್ಟು ಎತ್ತರದ ಓಕ್ ಮರವನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯನ್ನು ಜೀವಕೋಶಗಳನ್ನು ಕೊಲ್ಲುವ ವಿಷದ ದ್ರಾವಣದಲ್ಲಿ ನಿಲ್ಲಿಸಿದ. ವಿಷ ತಾನು ಹೋದ ದಾರಿಯ ಕೋಶಗಳನ್ನೆಲ್ಲ ಕೊಲ್ಲುತ್ತ ಮೇಲೇರಿತು, ಆದರೂ ಏರುವುದು ನಿಲ್ಲಲಿಲ್ಲ, ಎಲೆಗಳನ್ನೂ ಮುಟ್ಟಿತು. ಎಲೆಗಳು ಸತ್ತ ಮೇಲೆ ಮಾತ್ರ ಹರಿವು ನಿಂತಿತು. ನಮ್ಮ ಜಗದೀಶಚಂದ್ರ ಬೋಸರು 1923ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದು, ಕಾಂಡದ ಜೀವಕೋಶಗಳು ಮಿಡಿಯುತ್ತ ರಸವನ್ನು ಮೇಲಕ್ಕೆ ತಳ್ಳುತ್ತವೆ ಎಂದು ವಾದಿಸಿದರು. ಗಿಡದ ಅತಿ ಸಣ್ಣ ಚಲನೆಗಳನ್ನು ಅಳೆಯಲು ಅವರು ಕಟ್ಟಿದ ಉಪಕರಣಗಳು ಇವತ್ತಿಗೂ ಗೌರವ ಹುಟ್ಟಿಸುತ್ತವೆ. ಈ ವಾದ ಮಾತ್ರ ನಿಲ್ಲಲಿಲ್ಲ.

ನಿಂತದ್ದು ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಮುಂದಿಟ್ಟ ವಿವರಣೆ. ಎಲೆಯ ಒಳಗೆ ಕೋಶಗಳ ನಡುವೆ ಗಾಳಿಯ ಜಾಗಗಳಿವೆ, ಅವು ಪತ್ರರಂಧ್ರಗಳ ಮೂಲಕ ಹೊರಗಾಳಿಗೆ ತೆರೆದುಕೊಂಡಿವೆ. ಆ ಕೋಶಗಳ ಗೋಡೆ ಸೆಲ್ಯುಲೋಸ್ ಎಳೆಗಳ ಹೆಣಿಗೆ, ಎಳೆಗಳ ನಡುವೆ ನೀರು ತುಂಬಿದ ಸಂದುಗಳು. ಒಂದು ಸಂದಿನ ಅಗಲ ಅಂದಾಜು ಹತ್ತು ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಲಕ್ಷದ ಒಂದು ಭಾಗ. ಇಲ್ಲಿ ನೀರು ಗಾಳಿಯನ್ನು ಮುಖಾಮುಖಿ ಮುಟ್ಟುತ್ತದೆ. ನೀರು ಆವಿಯಾಗುತ್ತಿದ್ದಂತೆ ಪ್ರತಿ ಸಂದಿನಲ್ಲೂ ಮೇಲ್ಮೈ ಒಳಕ್ಕೆ ಸರಿದು ಬಾಗುತ್ತದೆ. ಮೂವತ್ತನ್ನು ಈಗ ಲಕ್ಷದ ಒಂದು ಭಾಗದಿಂದ ಭಾಗಿಸಿ. ಮೂವತ್ತು ಲಕ್ಷ ಮಿ.ಮೀ., ಎಂದರೆ ಮೂರು ಕಿಲೋಮೀಟರ್. ಆ ಮೇಲ್ಮೈ ಪೂರ್ತಿ ಬಾಗಿದರೆ ಮೂರು ಕಿಲೋಮೀಟರ್ ಎತ್ತರದ ನೀರಿನ ಕಂಬವನ್ನು ತಡೆದು ಹಿಡಿಯಬಲ್ಲದು. ಯಾವ ಗಿಡಕ್ಕೂ ಅಷ್ಟು ಬೇಕಿಲ್ಲ, ಹಾಗಾಗಿ ಮೇಲ್ಮೈ ಬೇಕಾದಷ್ಟು ಮಾತ್ರ ಬಾಗಿ ಕೆಲಸ ಮುಗಿಸುತ್ತದೆ. ಮಣ್ಣಿನ ಸಂದಿನಲ್ಲೂ ಎಲೆಯ ಸಂದಿನಲ್ಲೂ ಇರುವುದು ಅದೇ ನೀರು, ಅದೇ ಬಾಗು. ಎಲೆಯದು ಮಣ್ಣಿನದಕ್ಕಿಂತ ಸಣ್ಣದಾದ್ದರಿಂದ ಎಲೆ ಗೆಲ್ಲುತ್ತದೆ.

ಈ ವಿವರಣೆಯನ್ನು ಒಪ್ಪಲು ಆ ಕಾಲದ ಅನೇಕರಿಗೆ ಕಷ್ಟವಾಯಿತು. ಎಲೆ ಮೇಲಿನಿಂದ ಎಳೆದರೆ ಬೇರಿನವರೆಗಿನ ನೀರೆಲ್ಲ ಬಾವಿಯ ಹಗ್ಗದಂತೆ ಬಿಗಿದುಕೊಂಡು ಬರಬೇಕು. ನೀರಿಗೆ ಅಂಥ ಬಿಗಿ ತಾಳುವ ಶಕ್ತಿ ಇದೆಯೇ? ಪಂಪಿನಿಂದ ಹೀರಿದರೆ ಹತ್ತು ಮೀಟರಿಗಿಂತ ಮೇಲೆ ನೀರು ಬರುವುದಿಲ್ಲವಲ್ಲ? ಪಂಪಿನಲ್ಲಿ ನೀರು ಬರುವುದು ಹೊರಗಿನ ಗಾಳಿ ತಳ್ಳುವುದರಿಂದ, ಅದಕ್ಕೇ ಆ ಮಿತಿ. ಗಾಳಿಯ ಗುಳ್ಳೆಯೇ ಇಲ್ಲದ, ಸಣ್ಣ ನಳಿಕೆಯಲ್ಲಿ ಮುಚ್ಚಿಟ್ಟ ನೀರಿನ ಅಣುಗಳು ಒಂದನ್ನೊಂದು ಬಿಡುವುದಿಲ್ಲ. ಮೇಲ್ಮೈ ಎಳೆತ ಹುಟ್ಟುವುದೂ ಅಣುಗಳ ಈ ಹಿಡಿತದಿಂದಲೇ. ಇದನ್ನು ನೇರವಾಗಿ ಅಳೆದವನು, ಬಾಡುವ ಹಂತವನ್ನು 1912ರಲ್ಲಿ ಅಳೆದಿದ್ದ ಅದೇ ಲೈಮನ್ ಬ್ರಿಗ್ಸ್. ಆತ ಮಣ್ಣಿನ ವಿಜ್ಞಾನವನ್ನು ಬಿಟ್ಟು, ದೊಡ್ಡ ಸಂಸ್ಥೆಯೊಂದನ್ನು ನಡೆಸಿ, ನಿವೃತ್ತನಾದ ಮೇಲೆ 1950ರಲ್ಲಿ, ನೀರು ತುಂಬಿದ ಸಣ್ಣ ಗಾಜಿನ ನಳಿಕೆಯನ್ನು ವೇಗವಾಗಿ ತಿರುಗಿಸಿ ಒಳಗಿನ ನೀರು ಯಾವಾಗ ಹರಿಯುತ್ತದೆ ಎಂದು ನೋಡಿದ. ಇನ್ನೂರೈವತ್ತಕ್ಕೂ ಹೆಚ್ಚು ವಾಯುಭಾರದ ಎಳೆತವನ್ನು ನೀರು ತಾಳಿಕೊಂಡಿತು.

ಗಿಡದೊಳಗಿನ ಬಿಗಿಯನ್ನು ಅಳೆಯುವ ಸುಲಭ ದಾರಿ 1965ರಲ್ಲಿ ಪರ್ ಸ್ಕೋಲಾಂಡರ್ ಮತ್ತು ಜೊತೆಗಾರರಿಂದ ಬಂತು. ಒಂದು ರೆಂಬೆಯನ್ನು ಕತ್ತರಿಸಿದ ಕೂಡಲೇ ನಳಿಕೆಯ ನೀರು ಒಳಕ್ಕೆ ಸರಿದುಬಿಡುತ್ತದೆ, ಏಕೆಂದರೆ ಅದು ಬಿಗಿಯಲ್ಲಿತ್ತು. ರೆಂಬೆಯನ್ನು ಗಟ್ಟಿ ಉಕ್ಕಿನ ಡಬ್ಬಿಯಲ್ಲಿ ಇಟ್ಟು ಕತ್ತರಿಸಿದ ತುದಿಯನ್ನು ಮಾತ್ರ ಹೊರಗೆ ಬಿಟ್ಟು, ಒಳಗೆ ಗಾಳಿಯ ಒತ್ತಡ ಏರಿಸುತ್ತಾರೆ. ತುದಿಯಲ್ಲಿ ನೀರು ಮತ್ತೆ ಕಾಣಿಸಿಕೊಂಡ ಕ್ಷಣದ ಒತ್ತಡವೇ ಗಿಡದಲ್ಲಿದ್ದ ಬಿಗಿ. ಎತ್ತರದ ಮರಗಳ ನೆತ್ತಿಯ ರೆಂಬೆಗಳನ್ನು ಇಳಿಸಲು ಅವರು ಬಂದೂಕು ಹಾರಿಸಿದ್ದೂ ಉಂಟು. ಈ ಡಬ್ಬಿ ಇಂದು ಒಣಬೇಸಾಯದ ಸಂಶೋಧನೆಯಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಉಪಕರಣ.

ಅಳತೆಗಳು ಹೇಳುವ ಒಂದು ಮಾತು ನನಗೆ ಈ ವಿಷಯದಲ್ಲೆಲ್ಲ ದೊಡ್ಡದಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು ನೂರ ಹತ್ತು ಮೀಟರಿಗೂ ಎತ್ತರ ಬೆಳೆಯುತ್ತವೆ. ಆ ಎತ್ತರಕ್ಕೆ ನೀರನ್ನು ಹಿಡಿದಿಡಲು ಹನ್ನೊಂದು ವಾಯುಭಾರ ಬೇಕು, ದಾರಿಯ ಘರ್ಷಣೆ ಸೇರಿ ನೆತ್ತಿಯ ಎಲೆಗಳಲ್ಲಿ ಸುಮಾರು ಹತ್ತೊಂಬತ್ತು ವಾಯುಭಾರದ ಬಿಗಿ ಅಳತೆಗೆ ಸಿಕ್ಕಿದೆ. ಎರಡು ಮೀಟರಿನ ಜೋಳಕ್ಕೆ ಎತ್ತರದಿಂದ ಬೀಳುವ ಹೊರೆ ಒಂದು ವಾಯುಭಾರದ ಐದನೇ ಒಂದು ಪಾಲು ಮಾತ್ರ. ಆದರೆ ಮಣ್ಣು ಒಣಗಿ ಹತ್ತು ವಾಯುಭಾರದಷ್ಟು ಬಿಗಿಯಾಗಿ ನೀರನ್ನು ಹಿಡಿದಾಗ, ಆ ಜೋಳಕ್ಕೆ ನೂರು ಮೀಟರ್ ಎತ್ತರಕ್ಕೆ ನೀರೆತ್ತಿದಷ್ಟೇ ಕಷ್ಟ. ಡಿಸೆಂಬರಿನ ಎರೆಹೊಲದಲ್ಲಿ ನಿಂತ ಆಳೆತ್ತರದ ದಂಟಿನೊಳಗಿನ ನೀರು, ಜಗತ್ತಿನ ಅತಿ ಎತ್ತರದ ಮರದ ನೆತ್ತಿಯ ನೀರಿನಷ್ಟೇ ಬಿಗಿದುಕೊಂಡಿರಬಹುದು.

ಬಿಗಿ ಹೆಚ್ಚಾದಾಗ ಅಪಾಯ ಗಾಳಿಯಿಂದ ಬರುತ್ತದೆ. ಪಕ್ಕದ ಖಾಲಿ ನಳಿಕೆಯಿಂದಲೋ ಗಾಯದಿಂದಲೋ ಒಂದು ಸಣ್ಣ ಗುಳ್ಳೆ ಒಳಗೆ ಸೆಳೆದುಕೊಂಡು ಬಂದರೆ ಆ ನಳಿಕೆಯ ನೀರಿನ ಕಂಬ ಹರಿಯುತ್ತದೆ, ಗುಳ್ಳೆ ಹಿಗ್ಗಿ ನಳಿಕೆಯನ್ನೆಲ್ಲ ತುಂಬುತ್ತದೆ. 1966ರಲ್ಲಿ ಜಾನ್ ಮಿಲ್ಬರ್ನ್ ಮತ್ತು ಜೊತೆಗಾರರು ಬಾಡುತ್ತಿರುವ ಎಲೆಗಳಲ್ಲಿ ಹೀಗೆ ಹರಿಯುವಾಗಿನ ಟಕ್ ಟಕ್ ಸದ್ದನ್ನು ಉಪಕರಣದಿಂದ ಕೇಳಿಸಿಕೊಂಡರು. ಗುಳ್ಳೆ ಎಲ್ಲ ಕಡೆ ಹರಡದಿರಲು ಗಿಡದಲ್ಲಿ ಏರ್ಪಾಡಿದೆ. ನಳಿಕೆಗಳ ನಡುವಿನ ಗೋಡೆಯಲ್ಲಿ ಅತಿ ಸಣ್ಣ ರಂಧ್ರಗಳ ಪೊರೆಗಳಿವೆ, ಆ ರಂಧ್ರಗಳಲ್ಲಿ ನೀರಿನ ಮೇಲ್ಮೈ ಬಾಗಿ ನಿಂತು ಗಾಳಿಯನ್ನು ತಡೆಯುತ್ತದೆ. ಇಲ್ಲೂ ಕಾವಲು ಮೇಲ್ಮೈ ಎಳೆತದ್ದೇ. ಹೂದಾನಿಗೆ ತಂದ ಸುಗಂಧರಾಜದ ದಂಟನ್ನು ನೀರಿನೊಳಗೆ ಹಿಡಿದೇ ಮತ್ತೊಮ್ಮೆ ಒಂದು ಅಂಗುಲ ಕತ್ತರಿಸಿದರೆ ಹೂ ಹೆಚ್ಚು ದಿನ ಉಳಿಯುವುದಕ್ಕೂ ಕಾರಣ ಇದೇ. ಮೊದಲು ಕತ್ತರಿಸಿದಾಗ ಒಳಸೇರಿದ ಗಾಳಿ ಆ ತುಂಡಿನೊಂದಿಗೆ ಹೋಗುತ್ತದೆ.

ಜೋಳ ಇನ್ನೂ ಒಂದು ಉಪಾಯ ಮಾಡುತ್ತದೆ. ನೀರು ಬರುವುದಕ್ಕಿಂತ ಹೋಗುವುದು ಹೆಚ್ಚಾದಾಗ ಪತ್ರರಂಧ್ರಗಳನ್ನು ಮುಚ್ಚಿ, ಎಲೆಯನ್ನು ಉದ್ದಕ್ಕೆ ಸುರುಳಿ ಸುತ್ತಿಕೊಂಡು ಬಿಸಿಲಿಗೆ ಸಿಗುವ ಹರವನ್ನು ಕಡಿಮೆ ಮಾಡುತ್ತದೆ. ಸುರುಳಿ ಕಂಡ ತಕ್ಷಣ ಹೊಲ ಒಣಗಿತೆಂದು ತೀರ್ಮಾನಿಸಬೇಕಿಲ್ಲ. ಮಧ್ಯಾಹ್ನ ಸುತ್ತಿದ ಎಲೆ ಸಂಜೆಗೆ ಬಿಚ್ಚಿಕೊಂಡರೆ ಮಣ್ಣಿನಲ್ಲಿ ನೀರಿದೆ, ಬಿಸಿಲಿನ ವೇಗಕ್ಕೆ ಅದು ಸರಿದು ಬರಲಾಗಲಿಲ್ಲ ಅಷ್ಟೆ. ರಾತ್ರಿಯಿಡೀ ಎಲೆ ಹೆಚ್ಚು ನೀರು ಕಳೆದುಕೊಳ್ಳದಿದ್ದರೂ ಬೆಳಗಿನ ಜಾವ ಸುರುಳಿ ಹಾಗೇ ಉಳಿದಿದ್ದರೆ ಬೇರಿನ ಸುತ್ತಲಿನ ನೀರು ಹದಿನೈದು ವಾಯುಭಾರದ ಹತ್ತಿರದ ಸಂದುಗಳಿಗೆ ಇಳಿದಿದೆ ಎಂದು ತಿಳಿಯಬೇಕು. ಇದಕ್ಕೆ ವಿರುದ್ಧವಾದ ಗುರುತೂ ಬೆಳಿಗ್ಗೆಯೇ ಸಿಗುತ್ತದೆ. ಎಲೆಯ ತುದಿಯಲ್ಲಿ ಮಾತ್ರ ದುಂಡಗೆ ಒಂದು ಹನಿ ನಿಂತಿದ್ದರೆ ಅದು ಮಂಜಿನದಲ್ಲ, ಬೇರು ರಾತ್ರಿ ಒತ್ತಡದಿಂದ ಮೇಲಕ್ಕೆ ತಳ್ಳಿದ ನೀರು. ಮಣ್ಣು ಚೆನ್ನಾಗಿ ಹಸಿಯಿದ್ದಾಗ ಮಾತ್ರ ಬೇರಿಗೆ ಹಾಗೆ ತಳ್ಳಲು ಸಾಧ್ಯ. ಕೃಷಿ ಹೊಂಡದಲ್ಲಿ ಒಂದೇ ಸಲಕ್ಕೆ ಆಗುವಷ್ಟು ನೀರಿರುವ ರೈತರು ಅದನ್ನು ಯಾವಾಗ ಬಿಡಬೇಕೆಂದು ನೋಡುವಾಗ ಮಧ್ಯಾಹ್ನದ ಎಲೆಗಿಂತ ಮುಂಜಾವದ ಎಲೆಯನ್ನು ನಂಬಬೇಕು. ತೆನೆ ಹೊಡೆ ಕಟ್ಟುವ ದಿನಗಳಲ್ಲಿ ಮುಂಜಾವದ ಸುರುಳಿ ಕಂಡರೆ ಆ ನೀರನ್ನು ಅಂದೇ ಹಾಯಿಸುವುದು ಒಳ್ಳೆಯದು.